ರೇಟಿಂಗ್ ಮಾರ್ಗಸೂಚಿಗೆ ಒಂದೇ ಅಳತೆ
ವಾರ್ಷಿಕ ಮೌಲ್ಯಮಾಪನದ ಮಾರ್ಗಸೂಚಿಯಲ್ಲಿ ಗೊಂದಲ ಹುಟ್ಟುವುದು ಹೆಚ್ಚಾಗಿ ಎರಡು ಅಳತೆಗಳು ಬೆರೆತಾಗ. ಒಂದು ಪುಟದಲ್ಲಿ ‘4’ ಎಂದರೆ ಒಪ್ಪಿದ ಗುರಿಯನ್ನು ಮೀರಿದವರು. ಕ್ಯಾಲಿಬ್ರೇಶನ್ ಪುಟದಲ್ಲಿ ಅದೇ ‘4’ ತಂಡದ ಶೇ. 20 ಮಂದಿಗೆ ಮಾತ್ರ. ಹತ್ತು ಜನರ ತಂಡದಲ್ಲಿ ನಾಲ್ವರು ಗುರಿ ಮೀರಿದ್ದರೆ ಇಬ್ಬರು ಕಾರಣವಿಲ್ಲದೆ ‘3’ಕ್ಕೆ ಇಳಿಯುತ್ತಾರೆ. ಇದು ಅನ್ಯಾಯವೇ ಸರಿ.

ತಿದ್ದುವಾಗ ಮೊದಲು ವ್ಯಾಖ್ಯೆಯನ್ನು ಗುರಿಗೆ ಕಟ್ಟಬೇಕು. ತಿಂಗಳ ಲೆಕ್ಕವನ್ನು 5ನೇ ತಾರೀಖಿನೊಳಗೆ ತಪ್ಪಿಲ್ಲದೆ ಮುಗಿಸಿದರೆ ‘3’; ಹಳೆಯ ತಪ್ಪು ಮರುಕಳಿಸದಂತೆ ಕೆಲಸದ ಕ್ರಮವನ್ನೂ ಬದಲಿಸಿದ್ದರೆ ‘4’. ‘ಅತ್ಯುತ್ತಮ’ ಎಂಬ ಬರಿಯ ಪದಕ್ಕಿಂತ ಇಂಥ ಉದಾಹರಣೆ ಮ್ಯಾನೇಜರುಗಳಿಗೆ ನೆರವಾಗುತ್ತದೆ. ಕ್ಯಾಲಿಬ್ರೇಶನ್ ಸಭೆಯೂ ಇದೇ ವ್ಯಾಖ್ಯೆಯನ್ನು ಮುಂದಿಟ್ಟುಕೊಂಡು ಪುರಾವೆಗಳನ್ನು ಹೋಲಿಸಬೇಕು. ಶೇಕಡಾವಾರು ಲೆಕ್ಕ ಮರುಪರಿಶೀಲನೆಗೆ ಸೂಚನೆಯಷ್ಟೇ, ಮಿತಿಯಲ್ಲ. ರೇಟಿಂಗ್ ಬದಲಾದರೆ ಕಾರಣವನ್ನು ಅಲ್ಲೇ ಬರೆದಿಡಬೇಕು. ಸಭೆ ಮುಗಿಯುವವರೆಗೆ ಅದನ್ನು ನೌಕರರಿಗೆ ತಿಳಿಸಬಾರದು.