ಶಸ್ತ್ರಚಿಕಿತ್ಸೆಗೆ ಮುಂಚಿನ ಹತ್ತು ದಿನ

ಮೈಸೂರಿನ 52 ವರ್ಷದ ಗೃಹಿಣಿಯೊಬ್ಬರಿಗೆ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದು ಸ್ಕ್ಯಾನಿಂಗಿನಿಂದ ತಿಳಿದುಬಂದಿತು. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಹುಟ್ಟಿ ಬೆನ್ನಿಗೆ ಹಾಯುತ್ತಿದ್ದ ನೋವು ಅಷ್ಟರಲ್ಲಿ ಮೂರು ಸಲ ಬಂದು ಹೋಗಿತ್ತು. ಪಿತ್ತಕೋಶವನ್ನು ತೆಗೆಯುವುದೇ ಸರಿಯೆಂದು ನಿರ್ಧರಿಸಿದ ಶಸ್ತ್ರವೈದ್ಯರು ಹತ್ತು ದಿನಗಳ ಮುಂದಿನ ಒಂದು ಬೆಳಗನ್ನು ಗೊತ್ತುಮಾಡಿದರು. ಅಂದಿನಿಂದ ಆಕೆಗೆ ರಾತ್ರಿ ನಿದ್ರೆಯಿಲ್ಲ, ಹಗಲು ಊಟ ಸೇರದು. ನೋಡಲು ಬಂದ ನೆಂಟರಿಷ್ಟರು ತಾವು ಕಂಡು ಕೇಳಿದ ಆಪರೇಷನ್ನುಗಳ ಕಥೆಗಳನ್ನು, ಅವುಗಳಲ್ಲಿ ಕೆಟ್ಟದ್ದನ್ನೇ ಆರಿಸಿದಂತೆ, ಹೇಳಿ ಹೋಗುತ್ತಿದ್ದರು. "ಏನೂ ಆಗೋದಿಲ್ಲ, ಸುಮ್ಮನಿರು" ಎಂಬುದು ಪತಿಯ ಸಮಾಧಾನ. ಒಳ್ಳೆಯ ಮನಸ್ಸಿನಿಂದ ಬಂದ ಮಾತಾದರೂ, ಹೆದರಿದವರ ಬಾಯನ್ನು ಮುಚ್ಚಿಸುವುದಲ್ಲದೆ ಭಯವನ್ನು ಅದು ಕರಗಿಸುವುದಿಲ್ಲ.

ಐದನೆಯ ದಿನ ಮಗಳು ಒಂದು ಹಾಳೆ ಹಿಡಿದು ಪಕ್ಕದಲ್ಲಿ ಕುಳಿತಳು. "ಅಮ್ಮಾ, ನಿನಗೆ ಯಾವುದರ ಭಯ? ಒಂದೊಂದಾಗಿ ಹೇಳು, ಬರ್ಕೋತೀನಿ" ಎಂದಳು. ಹೊರಬಿದ್ದ ಉತ್ತರಗಳು ಮನೆಯವರು ಊಹಿಸಿದ್ದಂತೆ ಇರಲಿಲ್ಲ. ಕತ್ತಿಯ ಭಯ ಆಕೆಗೆ ಅಷ್ಟಾಗಿ ಇರಲೇ ಇಲ್ಲ. ಅರಿವಳಿಕೆ ಕೊಟ್ಟ ಮೇಲೆ ಮತ್ತೆ ಎಚ್ಚರವಾಗದಿದ್ದರೆ? ನಡುವೆಯೇ ಎಚ್ಚರವಾಗಿಬಿಟ್ಟರೆ? ಸಣ್ಣ ರಂಧ್ರಗಳಲ್ಲಿ ಮುಗಿಸುವೆವೆಂದವರು ಹೊಟ್ಟೆಯನ್ನೇ ತೆರೆಯಬೇಕಾಗಿ ಬಂದರೆ? ಕೊನೆಯದನ್ನು ಹೇಳಲು ಆಕೆ ಬಹಳ ಸಂಕೋಚಪಟ್ಟರು: ಕೊರಳ ಮಾಂಗಲ್ಯವನ್ನು ಬಿಚ್ಚಬೇಕಂತೆ, ನಿಜವೇ?

ಹೀಗೆ ಬಿಡಿಸಿಟ್ಟಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಭಯವೆಂದು ಒಟ್ಟಾಗಿ ಕಾಣುತ್ತಿದ್ದದ್ದು ನಾಲ್ಕು ಬೇರೆ ಬೇರೆ ಪ್ರಶ್ನೆಗಳಾಗಿದ್ದುವು, ಅವಕ್ಕೆ ಉತ್ತರ ಕೊಡಬಲ್ಲವರೂ ಬೇರೆ ಬೇರೆ. ಮೊದಲ ಎರಡು ಅರಿವಳಿಕೆ ವೈದ್ಯರಿಗೆ ಸೇರಿದುವು, ಮೂರನೆಯದು ಶಸ್ತ್ರವೈದ್ಯರಿಗೆ, ನಾಲ್ಕನೆಯದು ವಾರ್ಡಿನ ನರ್ಸಿಗೆ. ನಮ್ಮ ಜನ ಎಲ್ಲವನ್ನೂ ದೊಡ್ಡ ಡಾಕ್ಟರನ್ನೇ ಕೇಳಬೇಕೆಂದು ಕಾದು, ಅವರ ಮುಂದೆ ಎರಡು ನಿಮಿಷ ನಿಂತು, ಏನನ್ನೂ ಕೇಳದೆ ಮರಳುವುದೇ ಹೆಚ್ಚು.

ಅರಿವಳಿಕೆ ವೈದ್ಯರ ಭೇಟಿಯನ್ನು ಹಲವರು ಒಂದು ಕಾಗದದ ಶಾಸ್ತ್ರವೆಂದೇ ಭಾವಿಸುತ್ತಾರೆ. ಅದು ತಪ್ಪು. 1963ರಷ್ಟು ಹಿಂದೆಯೇ ಅಮೆರಿಕದ ಎಗ್‌ಬರ್ಟ್ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದ್ದರು. ನಿದ್ರೆ ತರುವ ಔಷಧವನ್ನು ಮಾತ್ರ ಪಡೆದವರಿಗೆ ಮಂಪರು ಕವಿಯಿತು. ಮನಸ್ಸು ಶಾಂತವಾದದ್ದು ಅರಿವಳಿಕೆ ವೈದ್ಯರು ಬಂದು ಕುಳಿತು ಮಾತಾಡಿದ ರೋಗಿಗಳಿಗೆ. ಮರುವರ್ಷ ಅವರೇ ಹೊಟ್ಟೆಯ ಶಸ್ತ್ರಚಿಕಿತ್ಸೆಯ 97 ರೋಗಿಗಳಲ್ಲಿ ಕೆಲವರಿಗೆ, ನೋವು ಎಲ್ಲಿ ಬರುತ್ತದೆ, ಎಷ್ಟು ಕಾಲ ಇರುತ್ತದೆ, ಹೇಗೆ ಮಗ್ಗುಲು ಬದಲಿಸಬೇಕು ಎಂಬುದನ್ನು ಮುಂಚಿತವಾಗಿ ತಿಳಿಸಿದರು. ಹಾಗೆ ತಿಳಿದವರಿಗೆ ನೋವಿನ ಔಷಧ ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಾಕಾಯಿತು.

ಮೈಸೂರಿನ ಗೃಹಿಣಿಯ ಭೇಟಿಯಲ್ಲಿ ಪ್ರಶ್ನೆಗಳು ಮೊದಲು ಬಂದದ್ದು ವೈದ್ಯರಿಂದಲೇ. ಹಿಂದೆ ಅರಿವಳಿಕೆ ಪಡೆದಾಗ ತೊಂದರೆಯಾಗಿತ್ತೇ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಆಗಿತ್ತೇ, ಅಲುಗಾಡುವ ಹಲ್ಲಿದೆಯೇ, ಯಾವ ಔಷಧ ಒಗ್ಗದು, ಮನೆಯಲ್ಲಿ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ. ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿಬಿಡುವ ಯೋಚನೆಯಲ್ಲಿದ್ದ ಆಕೆ ಮಾತ್ರೆಯ ಪಟ್ಟಿಯನ್ನೇ ತೋರಿಸಿದರು. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವನ್ನು ಅಂದು ಬೆಳಿಗ್ಗೆಯೂ ಒಂದು ಗುಟುಕು ನೀರಿನೊಡನೆ ನುಂಗಬೇಕು, ಕೆಲವನ್ನು ಬಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ತೂಕ ಇಳಿಸುವ ಚುಚ್ಚುಮದ್ದು, ನಾಟಿ ಔಷಧಗಳು, ಇವುಗಳ ವಿಷಯದಲ್ಲಿ ಹಲವು ದಿನ ಮುಂಚೆಯೇ ತೀರ್ಮಾನವಾಗಬೇಕಾಗಬಹುದು. ಪ್ರತಿಯೊಂದನ್ನೂ ಹೆಸರು ಹಿಡಿದು ಕೇಳುವುದು ಮೇಲು.

ಬಳಿಕ ಆಕೆಯ ಸರದಿ. ಅರಿವಳಿಕೆ ಕೊಟ್ಟವರು ಕೊಠಡಿ ಬಿಟ್ಟು ಹೋಗುವುದಿಲ್ಲ, ಉಸಿರು, ನಾಡಿ, ರಕ್ತದ ಪ್ರಾಣವಾಯು, ಔಷಧದ ಪ್ರಮಾಣ ಇವನ್ನು ಕೊನೆಯವರೆಗೂ ನೋಡುತ್ತಲೇ ಇರುತ್ತಾರೆ, ಕೆಲಸ ಮುಗಿದಾಗ ಔಷಧ ನಿಲ್ಲಿಸಿ ಅವರೇ ಎಚ್ಚರಿಸುತ್ತಾರೆ ಎಂದು ಆಕೆಗೆ ತಿಳಿದದ್ದು ಆಗಲೇ. ನಡುವೆ ಎಚ್ಚರವಾಗುವುದು ಅಸಂಭವವೆಂದು ವೈದ್ಯರು ಹೇಳಲಿಲ್ಲ, ಬಹಳ ಅಪರೂಪವೆಂದರು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ, ಹಾಗಾಯಿತೆಂದು ರೋಗಿಗಳು ತಾವಾಗಿ ತಿಳಿಸಿದ್ದು ಸುಮಾರು 19,000 ಅರಿವಳಿಕೆಗಳಿಗೆ ಒಂದರಂತೆ. ಕೆದಕಿ ಕೇಳಿದ ಅಧ್ಯಯನಗಳಲ್ಲಿ ಈ ಸಂಖ್ಯೆ ಇನ್ನೂ ಹೆಚ್ಚಾಗಿ ಕಂಡಿದೆ. "ಹಿಂದಿನ ರಾತ್ರಿ ನಿದ್ರೆ ಬರದಿದ್ದರೆ ಹೇಳಿ ಅಮ್ಮಾ, ಅದಕ್ಕೂ ಮಾತ್ರೆ ಇದೆ" ಎಂದೂ ಅವರು ಹೇಳಿದರು. ಕೇಳಲು ನಾಚಿಕೊಂಡು ಇಡೀ ರಾತ್ರಿ ಕಣ್ಣು ತೆರೆದು ಮಲಗುವವರು ಎಷ್ಟೋ!

ಶಸ್ತ್ರವೈದ್ಯರಲ್ಲಿ ಮಗಳು ಕೇಳಿದ್ದು ಒಂದೇ ನೇರ ಪ್ರಶ್ನೆ: "ಯಾವ ಸಂದರ್ಭದಲ್ಲಿ ಹೊಟ್ಟೆ ತೆರೀತೀರಿ ಡಾಕ್ಟ್ರೇ?" ಪಿತ್ತಕೋಶದ ನಾಳವೂ ರಕ್ತನಾಳವೂ ಊತದಿಂದಲೋ ಅಂಟಿಕೊಂಡಿರುವುದರಿಂದಲೋ ಸ್ಪಷ್ಟವಾಗಿ ಕಾಣದಿದ್ದರೆ ಊಹೆಯ ಮೇಲೆ ಕತ್ತರಿಸುವುದಿಲ್ಲ, ಆಗ ತೆರೆಯುವುದೂ ಒಂದು ದಾರಿ ಎಂದರು ಅವರು. ಮುಖ್ಯ ಪಿತ್ತನಾಳಕ್ಕೆ ಪೆಟ್ಟು ಬೀಳುವುದೇ ಈ ಶಸ್ತ್ರಚಿಕಿತ್ಸೆಯ ದೊಡ್ಡ ಅಪಾಯವಾದುದರಿಂದ, ತೆರೆಯುವುದು ಸೋಲಲ್ಲ, ಎಚ್ಚರಿಕೆ. ಇನ್ನೊಂದನ್ನು ಅವರೇ ಸೇರಿಸಿದರು. ಕೆಲಸಕ್ಕೆ ಸ್ಥಳವಾಗಲೆಂದು ಹೊಟ್ಟೆಯೊಳಗೆ ಅಂಗಾರಾಮ್ಲ ಅನಿಲವನ್ನು ತುಂಬುವುದರಿಂದ ಆಮೇಲೆ ಒಂದೆರಡು ದಿನ ಭುಜ ನೋಯಬಹುದು. ಇದನ್ನು ಮೊದಲೇ ಕೇಳದವರು ಆ ನೋವನ್ನು ಹೃದಯದ ನೋವೆಂದು ತಿಳಿದು ಕಂಗೆಡುತ್ತಾರೆ. ಮನೆಗೆ ಹೋದ ಬಳಿಕ ಜ್ವರ, ಕಣ್ಣು ಹಳದಿಯಾಗುವುದು, ದಿನದಿನಕ್ಕೆ ಏರುವ ಹೊಟ್ಟೆನೋವು, ನಿಲ್ಲದ ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಒಡನೆ ಬರಬೇಕೆಂಬುದನ್ನು ಮಗಳು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡಳು.

ಮಾಂಗಲ್ಯದ ಮಾತು ನರ್ಸಿನೊಡನೆ ಒಂದು ನಿಮಿಷದಲ್ಲಿ ಮುಗಿಯಿತು. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲಿನ ಲೋಹ ಸುಡುವ ಸಂಭವವುಂಟು, ಆದ್ದರಿಂದ ತೆಗೆಯಲೇಬೇಕು. ಆದರೆ ಥಿಯೇಟರಿನ ಬಾಗಿಲಲ್ಲಿ ಯಾರೋ ಅವಸರದಿಂದ ಬಿಚ್ಚುವ ಬದಲು, ಅಂದು ಬೆಳಿಗ್ಗೆ ವಾರ್ಡಿನಲ್ಲೇ ಪತಿ ತಮ್ಮ ಕೈಯಾರೆ ತೆಗೆದಿಟ್ಟುಕೊಳ್ಳಲಿ ಎಂದಾಯಿತು. ಬರಿಯ ಅರಿಶಿನದ ದಾರವೊಂದು ಕೊರಳಲ್ಲಿರಲು ನರ್ಸು ಆಕ್ಷೇಪಿಸಲಿಲ್ಲ.

ಉಳಿದ ದಿನಗಳಿಗೆ ಆಕೆಗೆ ಒಂದು ಕೆಲಸವೂ ದೊರೆಯಿತು. ಮೂರು ಚೆಂಡುಗಳಿರುವ ಉಸಿರಿನ ಸಾಧನವನ್ನು ಗಂಟೆಗೊಮ್ಮೆ ನಿಧಾನವಾಗಿ ಎಳೆಯುವುದು, ಮಲಗುವ ಮುನ್ನ ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಬಿಡುವುದು. ಶ್ವಾಸಕೋಶಕ್ಕೆಂದು ಕೊಟ್ಟ ಅಭ್ಯಾಸ ಮನಸ್ಸಿಗೂ ಒದಗಿತು. ಕಥೆ ಹೇಳುವ ನೆಂಟರನ್ನು ಪತಿ ಹೊರಗಿನ ಕೋಣೆಯಲ್ಲಿಯೇ ಉಪಚರಿಸಿ ಕಳುಹಿಸತೊಡಗಿದರು.

ಉಪವಾಸದ ಲೆಕ್ಕವನ್ನು ಮಾತ್ರ ಗಡಿಯಾರ ಹಿಡಿದೇ ಕೇಳಬೇಕು. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದಾದ್ದರಿಂದ ಈ ನಿಯಮ. ಸಾಮಾನ್ಯವಾಗಿ ಕರಿದ ತಿಂಡಿ, ಭಾರಿ ಊಟಗಳಿಗೆ 8 ಗಂಟೆ, ಹಗುರವಾದ ಆಹಾರಕ್ಕೂ ಹಾಲಿಗೂ 6 ಗಂಟೆ, ಬರಿಯ ನೀರಿಗೆ 2 ಗಂಟೆ ಬಿಡುವಿರಬೇಕು. ಆಕೆಯ ಸರದಿ ಬೆಳಿಗ್ಗೆ 8ಕ್ಕೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಇಡ್ಲಿ ತಿಂದು, ಬೆಳಿಗ್ಗೆ 6ರವರೆಗೆ ನೀರು ಕುಡಿಯಲು ವೈದ್ಯರು ಒಪ್ಪಿದ್ದರು. ಆದರೆ ಐದೂವರೆಗೆ ಪತಿ ಕನಿಕರದಿಂದ ಫ್ಲಾಸ್ಕು ತೆರೆದರು. "ಅರ್ಧ ಲೋಟ ಕಾಫಿ ತಾನೇ, ಯಾರಿಗೆ ಗೊತ್ತಾಗುತ್ತೆ?" ಹಾಲು ಬೆರೆತ ಕಾಫಿ ನೀರಿನ ಲೆಕ್ಕಕ್ಕೆ ಸೇರದು. "ಬೇಡಾಂದ್ರೆ. ಹಾಲು ಬಿದ್ರೆ ಆರು ಗಂಟೆ ಕಾಯ್ಬೇಕಂತೆ" ಎಂದು ಆಕೆ ಲೋಟವನ್ನು ಹಿಂದಕ್ಕೆ ತಳ್ಳಿದರು. ಕುಡಿದಿದ್ದರೂ ಹೇಳಿಬಿಟ್ಟರೆ ಸರದಿ ಮುಂದೆ ಹೋಗುತ್ತಿತ್ತು, ಅಷ್ಟೆ. ಕುಡಿದು ಮುಚ್ಚಿಟ್ಟಿದ್ದರೆ ಪ್ರಾಣಕ್ಕೇ ಅಪಾಯವಿತ್ತು.

ಥಿಯೇಟರಿನ ಬಾಗಿಲಲ್ಲಿ ನರ್ಸು ಹೆಸರೇನು, ಯಾವ ಆಪರೇಷನ್ ಎಂದು ಕೇಳಿದರು. ಒಳಗೆ ಅರಿವಳಿಕೆ ವೈದ್ಯರೂ ಅದನ್ನೇ ಕೇಳಿದರು. ತಾವು ಯಾರೆಂಬುದೇ ಇವರಿಗೆ ತಿಳಿಯದೆಂದು ಹೆದರುವವರುಂಟು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಸುರಕ್ಷತಾ ಪಟ್ಟಿಯಲ್ಲಿ, ಅರಿವಳಿಕೆಗೆ ಮುನ್ನ ಇದನ್ನು ರೋಗಿಯ ಬಾಯಿಂದಲೇ ಖಚಿತಪಡಿಸಿಕೊಳ್ಳುವುದು ಒಂದು ವಿಧಿ. ಮಗಳು ಇದನ್ನೂ ಮೊದಲೇ ಹೇಳಿಟ್ಟಿದ್ದಳು. ಆಕೆ ಎರಡನೆಯ ಸಲವೂ ತಮ್ಮ ಹೆಸರನ್ನು ಸ್ಪಷ್ಟವಾಗಿ ಹೇಳಿ, ಉಸಿರನ್ನು ಆರರವರೆಗೆ ಎಣಿಸತೊಡಗಿದರು.