ತರಬೇತಿಗೆ ದುಡ್ಡು ಕೇಳುವ ಒಂದು ಪುಟ

ಸಣ್ಣ ಕಾರ್ಖಾನೆಗಳಲ್ಲಿ ತರಬೇತಿಗೆ ಹಣ ಕೇಳಿ ಬರೆಯುವ ಕಾಗದಗಳ ಧಾಟಿ ಹೆಚ್ಚುಕಡಿಮೆ ಒಂದೇ. ಹುಡುಗರ ಕೌಶಲ ಹೆಚ್ಚುತ್ತದೆ, ಉತ್ಪಾದನೆ ಸುಧಾರಿಸುತ್ತದೆ, ಕಂಪನಿಗೆ ಒಳ್ಳೆಯದಾಗುತ್ತದೆ, ದಯವಿಟ್ಟು ಮಂಜೂರು ಮಾಡಿ. ಮ್ಯಾನೇಜರ್ ಓದಿ ‘ನೋಡೋಣ’ ಅನ್ನುತ್ತಾರೆ, ಕಾಗದ ಟ್ರೇ ಸೇರುತ್ತದೆ. ಅವರು ಜಿಪುಣರು ಅಂತಲ್ಲ. ಅದೇ ಕಾಗದವನ್ನು ಅವರು ಮಾಲೀಕರ ಮುಂದೆಯೋ ಅಕೌಂಟ್ಸ್‌ನವರ ಮುಂದೆಯೋ ಇಡಬೇಕು. ಈಗ ನಾವು ಕಟ್ಟುತ್ತಿರುವ ಯಾವ ಬಿಲ್ಲು ಇದರಿಂದ ಇಳಿಯುತ್ತದೆ ಎಂದು ಅಲ್ಲಿ ಕೇಳುತ್ತಾರೆ. ಕಾಗದದಲ್ಲಿ ಅದಕ್ಕೆ ಉತ್ತರವಿರುವುದಿಲ್ಲ.

ಉತ್ತರ ಇರುವ ಕಾಗದ ಹೇಗಿರುತ್ತದೆ ಎಂದು ನೋಡಲು ಒಂದು ಮಾದರಿ ಲೆಕ್ಕ ಹಾಕೋಣ. ಬೆಂಗಳೂರಿನ ಪೀಣ್ಯದಂಥ ಕಡೆ ನಾಲ್ಕು ಸಿಎನ್‌ಸಿ ಲೇತ್ ಇರುವ ಒಂದು ಘಟಕ. ನಾಲ್ವರು ಸೆಟ್ಟರ್‌ಗಳು, ಒಬ್ಬ ಶಿಫ್ಟ್ ಇನ್‌ಚಾರ್ಜ್. ಪ್ರತಿ ಮೆಷಿನ್‌ನಲ್ಲಿ ದಿನಕ್ಕೊಮ್ಮೆ ಜಾಬ್ ಬದಲಾಗುತ್ತದೆ. ತಿಂಗಳಿಗೆ 25 ದಿನ ಕೆಲಸ ಎಂದರೆ 100 ಸೆಟ್ಟಿಂಗ್. ಒಂದೊಂದಕ್ಕೆ ಸರಾಸರಿ 90 ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮೆಷಿನ್ ಒಂದು ಪೀಸನ್ನೂ ಕೊಡುವುದಿಲ್ಲ. ಸೆಟ್ಟಿಂಗ್ ಬೇಗ ಮುಗಿಸುವುದನ್ನು ಕಲಿಸಲು ಎರಡು ದಿನದ ತರಬೇತಿಗೆ ಹಣ ಬೇಕು ಎಂದು ಇನ್‌ಚಾರ್ಜ್ ಕೇಳಬೇಕಾಗಿದೆ.

ಬರೆಯಲು ಕೂರುವ ಮುಂಚೆ ಅವರು ಮಾಡಬೇಕಾದ ಕೆಲಸ ಶಾಪ್ ಫ್ಲೋರಿನಲ್ಲಿದೆ. ಒಂದು ರಿಜಿಸ್ಟರ್ ಇಟ್ಟು, ಹಳೆಯ ಜಾಬಿನ ಕೊನೆಯ ಪೀಸ್ ಇಳಿದ ಗಳಿಗೆಯಿಂದ ಹೊಸ ಜಾಬಿನ ಮೊದಲ ಸರಿಯಾದ ಪೀಸ್ ಬರುವ ತನಕ ಯಾವುದಕ್ಕೆ ಎಷ್ಟು ಹೊತ್ತು ಹೋಯಿತು ಎಂದು ಎರಡು ವಾರ ಬರೆಸಬೇಕು. ಬರೆಸಿದಾಗ ಇಂಥದ್ದೊಂದು ಚಿತ್ರ ಸಿಗುತ್ತದೆ: ಟೂಲು, ಇನ್ಸರ್ಟು, ಡ್ರಾಯಿಂಗು ಹುಡುಕಾಡಲು 25 ನಿಮಿಷ. ಚಕ್ಕಿನ ಜಾ ಬದಲಿಸಿ ಬೋರ್ ಮಾಡಲು 20. ಟೂಲ್ ಕೂರಿಸಿ ಆಫ್‌ಸೆಟ್ ತೆಗೆಯಲು 25. ಮೊದಲ ಪೀಸ್ ಹಿಡಿದು ಕ್ಯೂಸಿ ಮುಂದೆ ನಿಂತು ಓಕೆ ಅನ್ನಿಸಿಕೊಳ್ಳಲು 20.

ಈ ಪಟ್ಟಿ ಸಿಕ್ಕ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದನ್ನು ರಾಬರ್ಟ್ ಮೇಜರ್ ಮತ್ತು ಪೀಟರ್ ಪೈಪ್ ಎಂಬ ಅಮೆರಿಕದ ಇಬ್ಬರು ತರಬೇತಿ ತಜ್ಞರು 1970ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಎತ್ತಿದ್ದರು. ಪ್ರಾಣದ ಮೇಲೆ ಬಂದರೂ ಆ ಮನುಷ್ಯನಿಗೆ ಈ ಕೆಲಸ ಮಾಡಲು ಬರುವುದಿಲ್ಲವೇ? ಬರುವುದಿಲ್ಲ ಎಂದಾದರೆ ಅದು ಕಲಿಕೆಯ ಕೊರತೆ. ಬರುತ್ತದೆ, ಆದರೂ ಆಗುತ್ತಿಲ್ಲ ಎಂದರೆ ಅಡ್ಡಿ ಬೇರೆಲ್ಲೋ ಇದೆ, ತರಬೇತಿಗೆ ಸುರಿದ ದುಡ್ಡು ನೀರಿಗೆ ಹೋಗುತ್ತದೆ. ಕ್ಯೂಸಿ ಮುಂದೆ ಕಾಯುವ 20 ನಿಮಿಷ ಈ ಎರಡನೆಯ ಬಗೆಯದು. ಇನ್‌ಸ್ಪೆಕ್ಟರ್ ಒಬ್ಬನೇ ಇದ್ದರೆ ಸೆಟ್ಟರ್ ಎಷ್ಟು ಕಲಿತರೂ ಸಾಲು ಕರಗುವುದಿಲ್ಲ. ಅದನ್ನು ತರಬೇತಿಯ ಲಾಭದಲ್ಲಿ ಸೇರಿಸಿದರೆ ಮ್ಯಾನೇಜರ್ ಒಂದೇ ಪ್ರಶ್ನೆಯಲ್ಲಿ ಹಿಡಿದುಬಿಡುತ್ತಾರೆ, ಆಮೇಲೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ.

ಅದೇ ರಿಜಿಸ್ಟರಿನಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ನಾಲ್ವರಲ್ಲಿ ಮೂವರು ಸುಮಾರು 100 ನಿಮಿಷ ತೆಗೆದುಕೊಳ್ಳುತ್ತಾರೆ, ಒಬ್ಬ 60ರಲ್ಲಿ ಮುಗಿಸುತ್ತಾನೆ. ಮೆಷಿನ್ ಅವೇ, ಕ್ಯೂಸಿ ಸಾಲೂ ಅದೇ. ಅವನು ಹಿಂದಿನ ಜಾಬ್ ಓಡುತ್ತಿರುವಾಗಲೇ ಮುಂದಿನದರ ಟೂಲು, ಜಾ, ಡ್ರಾಯಿಂಗನ್ನು ಪಕ್ಕದ ಟೇಬಲ್ಲಿಗೆ ತಂದಿಟ್ಟುಕೊಂಡಿರುತ್ತಾನೆ. ಜಪಾನಿನ ಶಿಗೆಒ ಶಿಂಗೊ ಕಟ್ಟಿದ ವಿಧಾನದ ತಿರುಳೂ ಇದೇ: ಮೆಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೂ ಮಾಡಬಹುದಾದದ್ದು ಯಾವುದು ಎಂದು ಬೇರೆ ಮಾಡಿ, ಎರಡನೆಯದನ್ನೆಲ್ಲ ಮೊದಲೇ ಮುಗಿಸುವುದು. ಶಿಂಗೊ ಅವರ ಗುರಿ ಒಂದಂಕಿಯ ನಿಮಿಷ, ಅಂದರೆ ಹತ್ತಕ್ಕಿಂತ ಕಡಿಮೆ. ನಮ್ಮ ಅರ್ಜಿಯಲ್ಲಿ ಆ ಹತ್ತರ ಮಾತು ಬೇಡ. ತರಬೇತಿ ಸಂಸ್ಥೆಯ ಕರಪತ್ರದಲ್ಲಿರುವ ಶೇಕಡಾವಾರೂ ಬೇಡ. ನಮ್ಮದೇ ಶಾಪಿನಲ್ಲಿ ಒಬ್ಬ ದಿನಾ ಮಾಡಿ ತೋರಿಸುತ್ತಿರುವ 60 ನಿಮಿಷವೇ ಗುರಿಯಾಗಲಿ. ಅದನ್ನು ಆಗದ ಮಾತು ಅನ್ನಲು ಯಾರಿಗೂ ಬರುವುದಿಲ್ಲ.

ಇನ್ನು ಹೆಚ್ಚಿನ ಅರ್ಜಿಗಳು ಮುಗ್ಗರಿಸುವ ಜಾಗಕ್ಕೆ ಬರೋಣ. ಒಂದು ಸೆಟ್ಟಿಂಗಿಗೆ 30 ನಿಮಿಷ ಉಳಿದರೆ 100 ಸೆಟ್ಟಿಂಗಿಗೆ ತಿಂಗಳಿಗೆ 50 ಗಂಟೆ. ಮೆಷಿನ್ ಅವರ್ ರೇಟ್ ₹500 ಎಂದುಕೊಂಡು, ತಿಂಗಳಿಗೆ ₹25,000 ಉಳಿತಾಯ ಎಂದು ಬರೆಯುವುದು ವಾಡಿಕೆ. ಈ ಲೆಕ್ಕ ನೋಡಲು ಚೆನ್ನ, ಆದರೆ ಪೊಳ್ಳು. ಉಳಿದ ಗಂಟೆಯಲ್ಲಿ ಓಡಿಸಲು ಆರ್ಡರ್ ಇಲ್ಲದಿದ್ದರೆ ಮೆಷಿನ್ ಸುಮ್ಮನೆ ನಿಂತಿರುತ್ತದೆ. ಸಂಬಳ, ಬಾಡಿಗೆ, ಬ್ಯಾಂಕಿನ ಕಂತು ಒಂದು ರೂಪಾಯಿಯೂ ಇಳಿಯುವುದಿಲ್ಲ. ಹೊತ್ತು ಉಳಿದದ್ದು ನಿಜ, ದುಡ್ಡು ಮಾತ್ರ ಉಳಿದಿಲ್ಲ.

ಆದ್ದರಿಂದ ಆ ಗಂಟೆಗಳು ಯಾವ ಬಾಗಿಲಿಂದ ದುಡ್ಡಾಗಿ ಒಳಗೆ ಬರುತ್ತವೆ ಎಂದು ಹುಡುಕಬೇಕು. ನಮ್ಮ ಘಟಕದಲ್ಲಿ ಆ ಬಾಗಿಲು ಜಾಬ್ ವರ್ಕ್ ಬಿಲ್ಲು. ಮೆಷಿನ್ ಸಾಲುತ್ತಿಲ್ಲ ಎಂದು ಪ್ರತಿ ತಿಂಗಳು ಒಂದಿಷ್ಟು ಕೆಲಸ ಹೊರಗಿನ ಶಾಪಿಗೆ ಹೋಗುತ್ತಿದೆ, ಅವರಿಗೆ ಗಂಟೆಗೆ ₹550 ಬೀಳುತ್ತಿದೆ. ಅದೇ ಕೆಲಸ ಒಳಗೆ ಮಾಡಿದರೆ ಕರೆಂಟು, ಇನ್ಸರ್ಟು, ಕೂಲೆಂಟು ಸೇರಿ ಗಂಟೆಗೆ ₹150 ಹೆಚ್ಚುವರಿ ಖರ್ಚು. ಹಾಗಾದರೆ ಒಳಗೆ ಬಂದ ಒಂದೊಂದು ಗಂಟೆಗೆ ಉಳಿಯುವುದು ₹400. ಎಲ್ಲ 50 ಗಂಟೆಯೂ ಸಿಗುತ್ತದೆ ಎಂದು ನಂಬುವುದು ಬೇಡ, ಅರ್ಧ ಹಿಡಿಯೋಣ. 25 ಗಂಟೆಗೆ ₹10,000. ಪೊಳ್ಳು ಲೆಕ್ಕದ ₹25,000ದ ಅರ್ಧವೂ ಇಲ್ಲ. ಆದರೆ ಈ ಹತ್ತು ಸಾವಿರವನ್ನು ಅಕೌಂಟ್ಸ್‌ನವರು ಮುಂದಿನ ತಿಂಗಳ ಬಿಲ್ಲು ತೆಗೆದು ತಾವೇ ನೋಡಬಹುದು.

ಖರ್ಚಿನ ಕಡೆಯನ್ನೂ ಇಷ್ಟೇ ನಿಷ್ಠುರವಾಗಿ ಬರೆಯಬೇಕು. ಒಬ್ಬರಿಗೆ ಫೀಸು ₹9,000 ಎಂದು ಹಿಡಿದರೆ ನಾಲ್ವರಿಗೆ ₹36,000. ಅದರ ಮೇಲಿನ ಶೇ 18 ಜಿಎಸ್‌ಟಿ ಬೇರೆ. ಘಟಕ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತವಾಗಿದ್ದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಿರುಗುತ್ತದೆ, ಕಾಂಪೊಸಿಷನ್‌ನಲ್ಲಿದ್ದರೆ ಹಿಂದಿರುಗುವುದಿಲ್ಲ, ಆಗ ಅದನ್ನೂ ಖರ್ಚಿಗೆ ಸೇರಿಸಬೇಕು. ಓಡಾಟಕ್ಕೆ ₹2,400. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಬಿಡುವುದು ಏನೆಂದರೆ, ಸೆಟ್ಟರ್ ಎರಡು ದಿನ ಇಲ್ಲದಾಗ ಮೆಷಿನ್ ಕಳೆದುಕೊಳ್ಳುವ ಹೊತ್ತು. ಇಬ್ಬಿಬ್ಬರಂತೆ ಎರಡು ಬ್ಯಾಚಿನಲ್ಲಿ ಕಳಿಸಿ, ಆ ದಿನಗಳಿಗೆ ಸೆಟ್ಟಿಂಗ್ ಬದಲಿಸಬೇಕಿಲ್ಲದ ದೊಡ್ಡ ಲಾಟ್‌ಗಳನ್ನು ಇಟ್ಟುಕೊಂಡರೆ ನಷ್ಟ ಕಡಿಮೆ. ಆದರೂ ಒಬ್ಬರಿಗೆ ದಿನಕ್ಕೆ ಮೂರು ಗಂಟೆಯಂತೆ ಒಟ್ಟು 24 ಗಂಟೆ ಹೋಗುತ್ತದೆ, ಗಂಟೆಗೆ ₹400ರಂತೆ ₹9,600. ಎಲ್ಲ ಸೇರಿ ₹48,000. ತಿಂಗಳಿಗೆ ₹10,000 ಉಳಿದರೆ ಐದು ತಿಂಗಳೊಳಗೆ ಹಣ ವಾಪಸ್. ಉಳಿತಾಯ ಅದರಲ್ಲೂ ಅರ್ಧವೇ ಆದರೆ ಹತ್ತು ತಿಂಗಳೊಳಗೆ.

ಇಷ್ಟಾದ ಮೇಲೆ ಕಾಗದ ಬರೆಯುವುದು ಕಾಲು ಗಂಟೆಯ ಕೆಲಸ. ಹೀಗಿರಬಹುದು:

‘ಮಾನ್ಯ ಸರ್,

ವಿಷಯ: ನಾಲ್ವರು ಸೆಟ್ಟರ್‌ಗಳ ಎರಡು ದಿನದ ತರಬೇತಿಗೆ ₹48,000 ಮಂಜೂರಾತಿ.

ನಮ್ಮಲ್ಲಿ ಒಂದು ಸೆಟ್ಟಿಂಗಿಗೆ ಸರಾಸರಿ 90 ನಿಮಿಷ ಆಗುತ್ತಿದೆ (ಎರಡು ವಾರದ ರಿಜಿಸ್ಟರ್ ಲಗತ್ತಿಸಿದೆ). ಒಬ್ಬರು ಇದನ್ನು 60 ನಿಮಿಷಕ್ಕೆ ಮಾಡುತ್ತಿದ್ದಾರೆ. ಉಳಿದವರನ್ನೂ ಅಲ್ಲಿಗೆ ತಂದರೆ ತಿಂಗಳಿಗೆ 50 ಮೆಷಿನ್ ಗಂಟೆ ಸಿಗುತ್ತದೆ. ಅದರಲ್ಲಿ 25 ಗಂಟೆ ಮಾತ್ರ ಲೆಕ್ಕಕ್ಕೆ ಹಿಡಿದಿದ್ದೇನೆ. ಅಷ್ಟು ಜಾಬ್ ವರ್ಕ್ ಹೊರಗೆ ಹೋಗುವುದು ನಿಂತರೆ ತಿಂಗಳಿಗೆ ₹10,000 ಉಳಿಯುತ್ತದೆ.

ಖರ್ಚು: ಫೀಸು ₹36,000, ಓಡಾಟ ₹2,400, ತರಬೇತಿಯ ದಿನಗಳ ಮೆಷಿನ್ ನಷ್ಟ ₹9,600. ಕೊಟೇಶನ್ ಲಗತ್ತಿಸಿದೆ. ಇದರ ಜೊತೆ ಮೆಷಿನ್‌ಗೊಂದು ಟೂಲ್ ಟ್ರಾಲಿ ಬೇಕಾಗುತ್ತದೆ, ಅದನ್ನು ನಮ್ಮ ಫ್ಯಾಬ್ರಿಕೇಶನ್‌ನಲ್ಲೇ ಸ್ಕ್ರ್ಯಾಪ್ ಬಳಸಿ ಮಾಡಿಕೊಳ್ಳುತ್ತೇವೆ. ಕ್ಯೂಸಿಯಲ್ಲಿ ಕಾಯುವ ಹೊತ್ತು ಈ ತರಬೇತಿಯಿಂದ ಕಡಿಮೆಯಾಗುವುದಿಲ್ಲ.

ಮೂರು ತಿಂಗಳು ಸೆಟ್ಟಿಂಗ್ ರಿಜಿಸ್ಟರ್ ಮುಂದುವರಿಸಿ, ಪ್ರತಿ ತಿಂಗಳ 5ರೊಳಗೆ ಜಾಬ್ ವರ್ಕ್ ಬಿಲ್ಲಿನ ಜೊತೆ ತಮಗೆ ತೋರಿಸುತ್ತೇನೆ.’

ಕ್ಯೂಸಿಯ ಬಗೆಗಿನ ಆ ವಾಕ್ಯವನ್ನು ತೆಗೆದುಹಾಕಬೇಕು ಅನ್ನಿಸುವುದು ಸಹಜ. ತೆಗೆಯಬಾರದು. ತನ್ನ ಮಿತಿಯನ್ನು ತಾನೇ ಹೇಳುವ ಕಾಗದವನ್ನು ಮ್ಯಾನೇಜರ್ ಮೇಲಿನವರ ಮುಂದೆ ಧೈರ್ಯವಾಗಿ ಇಡಬಲ್ಲರು. ಕೊನೆಯ ಸಾಲೂ ಅಷ್ಟೇ ಮುಖ್ಯ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕರು 1959ರಲ್ಲಿ ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲಲ್ಲಿ ಅಳೆಯುವ ಕ್ರಮ ಹೇಳಿದರು: ಕಲಿತವರಿಗೆ ಇಷ್ಟವಾಯಿತೇ, ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸುತ್ತಿದ್ದಾರೆಯೇ, ಅದರಿಂದ ಸಂಸ್ಥೆಗೆ ಏನಾಯಿತು. ನಮ್ಮ ಕಂಪನಿಗಳು ಬಹುಪಾಲು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತವೆ. ಊಟದ ನಂತರ ಒಂದು ಫಾರಂ ತುಂಬಿಸಿಕೊಂಡು ಫೈಲ್ ಮುಚ್ಚುತ್ತವೆ. ರಿಜಿಸ್ಟರ್ ಮುಟ್ಟುವುದು ಮೂರನೆಯ ಮೆಟ್ಟಿಲನ್ನು, ಜಾಬ್ ವರ್ಕ್ ಬಿಲ್ಲು ನಾಲ್ಕನೆಯದನ್ನು. ಸೆಟ್ಟಿಂಗ್ ಹೊತ್ತು ಇಳಿದೂ ಬಿಲ್ಲು ಇಳಿಯಲಿಲ್ಲ ಎಂದರೆ ಸಿಕ್ಕ ಗಂಟೆಗಳನ್ನು ಪ್ಲಾನಿಂಗ್‌ನವರು ಬಳಸಿಕೊಂಡಿಲ್ಲ ಎಂದರ್ಥ. ಅದು ಸೆಟ್ಟರ್‌ಗಳ ತಪ್ಪಲ್ಲ ಎಂಬುದೂ ಅದೇ ಕಾಗದದಿಂದ ಗೊತ್ತಾಗುತ್ತದೆ.

ಮ್ಯಾನೇಜರ್ ಕೇಳುವ ಪ್ರಶ್ನೆಗಳು ಎರಡು ಇದ್ದೇ ಇರುತ್ತವೆ. ಕಲಿತ ಮೇಲೆ ಹುಡುಗ ಪಕ್ಕದ ಶಾಪಿಗೆ ಹೋದರೆ? ಬಾಂಡ್ ಬರೆಸಿಕೊಳ್ಳುವವರಿದ್ದಾರೆ. ಆದರೆ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದರೆ ಸಿಗುವುದು ನ್ಯಾಯವಾದ ಪರಿಹಾರ, ಬಾಂಡಿನಲ್ಲಿ ಬರೆದ ಮೊತ್ತ ಅದಕ್ಕೆ ಮೇಲ್ಮಿತಿ ಮಾತ್ರ. ₹9,000 ಫೀಸಿಗೆ ಲಕ್ಷದ ಬಾಂಡ್ ಬರೆಸುವುದು ಹುಡುಗನನ್ನು ಹೆದರಿಸಲು ಆದೀತು, ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ನನ್ನ ಮಟ್ಟಿಗೆ ಇದಕ್ಕೆ ನೇರ ಉತ್ತರ ಲೆಕ್ಕದಲ್ಲೇ ಇದೆ. ಐದು ತಿಂಗಳಲ್ಲಿ ಹಣ ಹಿಂದಿರುಗುವ ತರಬೇತಿಗೆ ಎರಡು ವರ್ಷದ ಬಾಂಡ್ ಯಾಕೆ?

ಎರಡನೆಯ ಪ್ರಶ್ನೆ ಇನ್ನೂ ಚುರುಕು: 60 ನಿಮಿಷಕ್ಕೆ ಮಾಡುವವನು ನಮ್ಮಲ್ಲೇ ಇದ್ದಾನಲ್ಲ, ಅವನೇ ಉಳಿದವರಿಗೆ ಹೇಳಿಕೊಡಲಿ, ದುಡ್ಡು ಯಾಕೆ? ಪ್ರಶ್ನೆ ಸರಿಯಾಗಿದೆ. ಅವನ ಕೈಗೆ ಗೊತ್ತಿರುವುದನ್ನು ಅವನು ಬಾಯಲ್ಲಿ ಹೇಳಬಲ್ಲನೇ ಎಂದು ಮೊದಲು ನೋಡಬೇಕು. ಹೇಳಬಲ್ಲ ಎಂದಾದರೆ ನಾಲ್ವರ ಬದಲು ಇಬ್ಬರನ್ನು ಮಾತ್ರ ಕಳಿಸುವ ಪ್ರಸ್ತಾಪ ಕಿಸೆಯಲ್ಲಿರಲಿ. ಅವನೂ ಇನ್ನೊಬ್ಬನೂ ತುಮಕೂರು ರಸ್ತೆಯ ಸಿಎಂಟಿಐಗೋ ಜಿಟಿಟಿಸಿಗೋ ಖಾಸಗಿ ತರಬೇತುದಾರರ ಬಳಿಗೋ ಹೋಗಿ ಬಂದು, ಉಳಿದಿಬ್ಬರಿಗೆ ಶಾಪಿನಲ್ಲೇ ಕಲಿಸುವುದು. ಖರ್ಚು ₹24,000ಕ್ಕೆ ಇಳಿಯುತ್ತದೆ, ಮೂರನೆಯ ಮತ್ತು ನಾಲ್ಕನೆಯ ಸೆಟ್ಟರ್ ಆ ಮಟ್ಟಕ್ಕೆ ಬರುವುದು ಒಂದೆರಡು ತಿಂಗಳು ತಡವಾಗುತ್ತದೆ. ಮ್ಯಾನೇಜರ್ ತಮ್ಮ ಸಹಿಯಲ್ಲೇ ಮಂಜೂರು ಮಾಡಬಹುದಾದ ಮೊತ್ತಕ್ಕೆ ಒಂದು ಮಿತಿ ಇರುತ್ತದೆ. ಅದು ₹25,000 ಆಗಿದ್ದರೆ ಈ ಎರಡನೆಯ ಪ್ರಸ್ತಾಪಕ್ಕೆ ಮಾಲೀಕರ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ.