ವಿಲೀನವಾದರೂ ಒಂದಾಗದ ಹಿರಿತನದ ಪಟ್ಟಿ

2012ರ ಮೇ 7ರ ರಾತ್ರಿಯಿಂದ ಏರ್ ಇಂಡಿಯಾದ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಕಾಯಿಲೆ ರಜೆ ಹಾಕತೊಡಗಿದರು. ನೋಡನೋಡುತ್ತಿದ್ದಂತೆ ವಿದೇಶಗಳಿಗೆ ಹೋಗುವ ವಿಮಾನಗಳು ರದ್ದಾಗತೊಡಗಿದವು. ದೆಹಲಿ ಹೈಕೋರ್ಟ್ ಇದು ಅಕ್ರಮ ಮುಷ್ಕರ ಎಂದು ತಡೆದರೂ ಪೈಲಟ್‌ಗಳು ಕೆಲಸಕ್ಕೆ ಮರಳಲಿಲ್ಲ. ಆಡಳಿತ ಅವರ ಸಂಘದ ಮಾನ್ಯತೆ ಕಿತ್ತುಕೊಂಡಿತು, ನೂರಕ್ಕೂ ಹೆಚ್ಚು ಜನರನ್ನು ವಜಾ ಮಾಡಿತು. ಆದರೂ ಮುಷ್ಕರ 58 ದಿನ ನಡೆಯಿತು. ಅವರ ಮುಖ್ಯ ತಕರಾರು ಸಂಬಳದ್ದಾಗಿರಲಿಲ್ಲ. ತಮ್ಮದೇ ಕಂಪನಿಯ ಇನ್ನೊಂದು ಗುಂಪಿನ ಪೈಲಟ್‌ಗಳಿಗೆ ಹೊಸ ಬೋಯಿಂಗ್ 787 ವಿಮಾನದ ತರಬೇತಿ ಕೊಡಬಾರದು ಎಂಬುದು ಅವರ ಪಟ್ಟು.

ಆ ಇನ್ನೊಂದು ಗುಂಪು ಹಳೆಯ ಇಂಡಿಯನ್ ಏರ್‌ಲೈನ್ಸ್‌ನದು. ಎರಡೂ ಸಂಸ್ಥೆಗಳು ಕಾಗದದ ಮೇಲೆ ಒಂದಾಗಿ ಆ ಹೊತ್ತಿಗೆ ಐದು ವರ್ಷವಾಗುತ್ತ ಬಂದಿತ್ತು.

ಮಾನವ ಸಂಪನ್ಮೂಲ ನಿರ್ವಹಣೆ ಓದುವ ವಿದ್ಯಾರ್ಥಿಗಳಿಗೆ ವಿಲೀನದ ನಂತರದ ಸಂಸ್ಕೃತಿ ಸಂಘರ್ಷ ಎಂದರೆ ಸಾಮಾನ್ಯವಾಗಿ ಜರ್ಮನಿಯ ಡೈಮ್ಲರ್ ಮತ್ತು ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಗಳ ಕಥೆ ಸಿಗುತ್ತದೆ. ಭಾಷೆ ಬೇರೆ, ದೇಶ ಬೇರೆ, ಹಾಗಾಗಿ ಹೊಂದಲಿಲ್ಲ ಎಂದು ಅಲ್ಲಿ ಸುಲಭವಾಗಿ ಹೇಳಿಬಿಡಬಹುದು. ಏರ್ ಇಂಡಿಯಾದ ಕಥೆಯಲ್ಲಿ ಆ ಸೌಕರ್ಯವಿಲ್ಲ. ಇಬ್ಬರೂ ಒಂದೇ ದೇಶದವರು, ಒಂದೇ ಸರ್ಕಾರದ ನೌಕರರು, ಒಂದೇ ಮಂತ್ರಾಲಯದ ಕೆಳಗೆ ಇದ್ದವರು. ಆದ್ದರಿಂದಲೇ ಸಂಸ್ಥೆಯ ಸಂಸ್ಕೃತಿ ಎಂಬುದು ನಿಜವಾಗಿ ಎಲ್ಲಿ ಅಡಗಿರುತ್ತದೆ ಎಂದು ತಿಳಿಯಲು ಇದು ಹೆಚ್ಚು ಒಳ್ಳೆಯ ಉದಾಹರಣೆ.

ಬೇರೆತನದ ಬೇರು 1953ರಲ್ಲಿದೆ. ಆ ವರ್ಷ ಸರ್ಕಾರ ದೇಶದ ವಿಮಾನ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿ ಎರಡು ನಿಗಮಗಳನ್ನು ಕಟ್ಟಿತು. ಜೆ.ಆರ್.ಡಿ. ಟಾಟಾ 1932ರಲ್ಲಿ ಶುರು ಮಾಡಿದ್ದ ಸಂಸ್ಥೆಯ ವಿದೇಶಿ ಹಾರಾಟ ಏರ್ ಇಂಡಿಯಾ ಆಗಿ ಉಳಿಯಿತು, ಅದರ ಮನೆ ಮುಂಬೈ. ದೇಶದೊಳಗಿನ ಹಾರಾಟ ನಡೆಸುತ್ತಿದ್ದ ಎಂಟು ಸಂಸ್ಥೆಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಲಾಯಿತು, ಅದರ ಮನೆ ದೆಹಲಿ. ಮುಂದಿನ ಐವತ್ತಕ್ಕೂ ಹೆಚ್ಚು ವರ್ಷ ಎರಡೂ ಬೇರೆ ಬೇರೆ ಕೆಲಸ ಮಾಡಿಕೊಂಡು ಬೆಳೆದವು.

ಕೆಲಸದ ಸ್ವರೂಪವೇ ಬೇರೆ ಆಗಿತ್ತು. ಏರ್ ಇಂಡಿಯಾದ ಪೈಲಟ್ ಮುಂಬೈಯಲ್ಲಿ ವಿಮಾನ ಏರಿಸಿದರೆ ಎಂಟು ಹತ್ತು ಗಂಟೆ ಹಾರಿ ಲಂಡನ್‌ನಲ್ಲೋ ಇನ್ನೆಲ್ಲೋ ಇಳಿಸುತ್ತಿದ್ದ. ರಾತ್ರಿಯೆಲ್ಲ ಎಚ್ಚರ, ಕಾಲಮಾನದ ಏರುಪೇರು, ಬೇರೆ ದೇಶದ ಹೋಟೆಲಿನಲ್ಲಿ ತಂಗುವುದು ಅವನ ಪಾಡು. ಇಂಡಿಯನ್ ಏರ್‌ಲೈನ್ಸ್‌ನವನು ಒಂದೇ ದಿನದಲ್ಲಿ ಹಲವು ಸಲ ಏರಿ ಇಳಿಯಬೇಕು, ಮಳೆಗಾಲದ ಮೋಡದಲ್ಲಿ ಪುಟ್ಟ ನಿಲ್ದಾಣ ಹುಡುಕಬೇಕು. ವಿಮಾನ ನಡೆಸುವಾಗ ಹೆಚ್ಚು ಎಚ್ಚರ ಬೇಡುವ ಘಳಿಗೆಗಳು ಏರುವುದು ಮತ್ತು ಇಳಿಯುವುದು. ಹಾಗಾಗಿ ನಿಜವಾದ ದುಡಿಮೆ ಯಾವುದು ಎಂಬ ಪ್ರಶ್ನೆಗೆ ಒಬ್ಬ ಗಂಟೆ ಎಣಿಸುತ್ತಿದ್ದ, ಇನ್ನೊಬ್ಬ ಇಳಿದ ಸಲಗಳನ್ನು ಎಣಿಸುತ್ತಿದ್ದ. ಇಬ್ಬರದೂ ಸುಳ್ಳಲ್ಲ. ತನ್ನ ದುಡಿಮೆಗೆ ನ್ಯಾಯವಾದ ಅಳತೆ ಯಾವುದೆಂಬ ಈ ನಂಬಿಕೆಯೇ ಒಂದು ಸಂಸ್ಥೆಯ ಸಂಸ್ಕೃತಿಯ ಒಳತಿರುಳು. ಊಟದ ಮನೆಯ ಪದ್ಧತಿ, ಸಮವಸ್ತ್ರದ ಬಣ್ಣ ಇವೆಲ್ಲ ಆಮೇಲಿನ ಮಾತು.

ಇನ್ನೊಂದು ತಾಂತ್ರಿಕ ಸಂಗತಿ ಇವರನ್ನು ಮತ್ತಷ್ಟು ದೂರ ಇಟ್ಟಿತ್ತು. ಬಸ್ ಓಡಿಸುವವರು ಒಂದು ಬಸ್ಸಿನಿಂದ ಇನ್ನೊಂದಕ್ಕೆ ಹತ್ತಿದ ಹಾಗೆ ಪೈಲಟ್‌ಗಳು ವಿಮಾನ ಬದಲಿಸಲಾಗುವುದಿಲ್ಲ. ಪ್ರತಿ ಮಾದರಿಗೂ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಬೇಕು. ಅದಕ್ಕೆ ತರಗತಿ, ಸಿಮ್ಯುಲೇಟರ್, ಪರೀಕ್ಷೆ ಎಲ್ಲ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ, ದುಡ್ಡೂ ಬಹಳ. ವಿಲೀನದ ಹೊತ್ತಿಗೆ ಏರ್ ಇಂಡಿಯಾದ ಬಲ ಬೋಯಿಂಗ್‌ನ ದೊಡ್ಡ ವಿಮಾನಗಳು, ಇಂಡಿಯನ್ ಏರ್‌ಲೈನ್ಸ್‌ನ ಬಲ ಏರ್‌ಬಸ್ 320ರ ಕುಟುಂಬ. ಒಂದೇ ಕಂಪನಿ ಆದ ಮೇಲೂ ಇಬ್ಬರು ಪೈಲಟ್‌ಗಳು ಅಕ್ಕಪಕ್ಕ ಕುಳಿತು ಹಾರುವ ಸಂದರ್ಭವೇ ಬರಲಿಲ್ಲ. ಒಟ್ಟಿಗೆ ಕೆಲಸ ಮಾಡುತ್ತ ಮಾಡುತ್ತ ತಾನಾಗಿಯೇ ಬೆರೆಯುತ್ತಾರೆ ಎಂಬ ಆಸೆಗೆ ಇಲ್ಲಿ ಜಾಗವೇ ಇರಲಿಲ್ಲ.

2007ರ ಆಗಸ್ಟ್‌ನಲ್ಲಿ ಎರಡನ್ನೂ ಸೇರಿಸಿ ನ್ಯಾಷನಲ್ ಏವಿಯೇಷನ್ ಕಂಪನಿ ಆಫ್ ಇಂಡಿಯಾ ಎಂಬ ಹೊಸ ಕಂಪನಿ ಕೆಲಸ ಆರಂಭಿಸಿತು. ಜನರಿಗೆ ಕಾಣುವ ಹೆಸರು ಏರ್ ಇಂಡಿಯಾ. ಹೆಸರು, ಲಾಂಛನ, ವಿಮಾನದ ಬಣ್ಣ ಬೇಗ ತೀರ್ಮಾನವಾದವು. ಟಿಕೆಟ್ ವ್ಯವಸ್ಥೆ ಒಂದಾಗಲು ಮಾತ್ರ ವರ್ಷಗಳೇ ಹಿಡಿದವು. ಕಂದಹಾರ್ ಅಪಹರಣದಿಂದ ನಮ್ಮೆಲ್ಲರ ನೆನಪಿನಲ್ಲಿ ಉಳಿದಿರುವ ಐಸಿ 814ರ ಆ ಐಸಿ ಎಂಬ ಇಂಡಿಯನ್ ಏರ್‌ಲೈನ್ಸ್ ಸಂಕೇತ ಮರೆಯಾದದ್ದು 2011ರಲ್ಲಿ. ಸಂಬಳದ ಕ್ರಮ, ಬಡ್ತಿಯ ನಿಯಮ, ಹಿರಿತನದ ಪಟ್ಟಿ ಇವು ಆಗಲೂ ಎರಡೆರಡಾಗಿಯೇ ಇದ್ದವು. ಸಂಘಗಳೂ ಎರಡು: ಏರ್ ಇಂಡಿಯಾದವರದು ಇಂಡಿಯನ್ ಪೈಲಟ್ಸ್ ಗಿಲ್ಡ್, ಇಂಡಿಯನ್ ಏರ್‌ಲೈನ್ಸ್‌ನವರದು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್.

ಮೊದಲು ಸಿಡಿದದ್ದು ಸಂಬಳದ ಪ್ರಶ್ನೆ. 2011ರ ಏಪ್ರಿಲ್ ಕೊನೆಯಲ್ಲಿ ಇಂಡಿಯನ್ ಏರ್‌ಲೈನ್ಸ್ ಕಡೆಯ ಪೈಲಟ್‌ಗಳು ಕೆಲಸ ನಿಲ್ಲಿಸಿದರು. ಅವರ ದೂರು ಹೀಗಿತ್ತು: ಏರ್ ಇಂಡಿಯಾ ಕಡೆಯವರಿಗೆ ಹಾರಲಿ ಬಿಡಲಿ ತಿಂಗಳಿಗೆ 75 ಗಂಟೆಯ ಹಾರಾಟ ಭತ್ಯೆ ಖಾತರಿ, ತಮಗೆ ಹಾರಿದ ಗಂಟೆಗಷ್ಟೇ ಹಣ. ವಿಲೀನಕ್ಕೆ ಮುಂಚೆ ಈ ವ್ಯತ್ಯಾಸ ಯಾರನ್ನೂ ಇಷ್ಟು ಕಾಡಿರಲಿಲ್ಲ, ಯಾಕೆಂದರೆ ಅದು ಪಕ್ಕದ ಕಂಪನಿಯ ಲೆಕ್ಕ. ಒಂದೇ ಹೆಸರಿನ ಕೆಳಗೆ ಬಂದ ದಿನದಿಂದ ಅದೇ ವ್ಯತ್ಯಾಸ ಅವಮಾನವಾಯಿತು. ಆ ಮುಷ್ಕರ ಹತ್ತು ದಿನ ನಡೆದು ಮೇ 6ರಂದು ನಿಂತಿತು. ವೇತನ ಮತ್ತು ಹಿರಿತನದ ಪ್ರಶ್ನೆಗಳನ್ನು ನೋಡಲು ಸರ್ಕಾರ ನಿವೃತ್ತ ನ್ಯಾಯಮೂರ್ತಿ ಡಿ.ಎಂ. ಧರ್ಮಾಧಿಕಾರಿ ಅವರ ಸಮಿತಿಯನ್ನು ನೇಮಿಸಿತು.

ಹಿರಿತನ ಸಂಬಳಕ್ಕಿಂತ ಕಠಿಣವಾದ ಗಂಟು. ಸಂಬಳದ ಅಂತರವನ್ನು ಹಣ ಹಾಕಿ ತುಂಬಬಹುದು. ಪಟ್ಟಿಯಲ್ಲಾದರೆ ಒಬ್ಬ ಮೇಲೆ ಹೋಗಬೇಕಾದರೆ ಇನ್ನೊಬ್ಬ ಕೆಳಗೆ ಇಳಿಯಲೇಬೇಕು. ಆಗ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕೋ-ಪೈಲಟ್ ಸುಮಾರು ಆರು ವರ್ಷಕ್ಕೆ ಕಮಾಂಡರ್ ಆಗುತ್ತಿದ್ದರೆ ಏರ್ ಇಂಡಿಯಾದಲ್ಲಿ ಹತ್ತು ವರ್ಷದಷ್ಟು ಕಾಯಬೇಕಿತ್ತು. ಇದು ಏನು ಮಾಡುತ್ತದೆ ಎಂದು ತಿಳಿಯಲು ಇಬ್ಬರನ್ನು ಊಹಿಸಿಕೊಳ್ಳಬಹುದು. ಇಬ್ಬರೂ 1998ರಲ್ಲಿ ಬೇರೆ ಬೇರೆ ಸಂಸ್ಥೆಗೆ ಸೇರಿದರು ಎನ್ನೋಣ. 2007ರಲ್ಲಿ ವಿಲೀನವಾದಾಗ ಇಂಡಿಯನ್ ಏರ್‌ಲೈನ್ಸ್‌ನವನು ಕಮಾಂಡರ್ ಆಗಿ ಮೂರು ವರ್ಷ ಕಳೆದಿರುತ್ತದೆ, ಏರ್ ಇಂಡಿಯಾದವನು ಇನ್ನೂ ಬಲಗಡೆಯ ಸೀಟಿನಲ್ಲಿ ಕೋ-ಪೈಲಟ್. ಕೆಲಸಕ್ಕೆ ಸೇರಿದ ದಿನ ನೋಡಿ ಪಟ್ಟಿ ಮಾಡಿದರೆ ಇಬ್ಬರೂ ಸಮ, ಆಗ ಮೊದಲನೆಯವನು ತನ್ನ ಕಮಾಂಡಿಗೆ ಬೆಲೆಯೇ ಇಲ್ಲವೇ ಎಂದು ಕೇಳುತ್ತಾನೆ. ಕಮಾಂಡರ್ ಆದ ದಿನ ನೋಡಿದರೆ ಎರಡನೆಯವನು ವರ್ಷಗಟ್ಟಲೆ ಹಿಂದೆ ಬೀಳುತ್ತಾನೆ. ತಾನು ಕಾದದ್ದು ದೊಡ್ಡ ವಿಮಾನದ ಸರದಿಗಾಗಿ, ಸಾಮರ್ಥ್ಯ ಕಡಿಮೆ ಎಂದಲ್ಲ ಎಂಬುದು ಅವನ ವಾದ. ಯಾವ ಸೂತ್ರ ಹಿಡಿದರೂ ಒಬ್ಬನಿಗೆ ನಷ್ಟ. ಆದ್ದರಿಂದ ಆಡಳಿತ ಸೂತ್ರವನ್ನೇ ಹಿಡಿಯದೆ ಮುಂದೂಡುತ್ತ ಬಂತು.

ಮುಂದೂಡಿದ ಈ ಗಂಟಿನ ಮೇಲೆ ಬಂದು ಕೂತದ್ದು ಬೋಯಿಂಗ್ 787. ವಿಲೀನಕ್ಕೆ ಮುಂಚೆಯೇ ಏರ್ ಇಂಡಿಯಾ ಇಂಥ 27 ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತಡವಾಗಿ ಮೊದಲ ವಿಮಾನ ಭಾರತಕ್ಕೆ ಬಂದದ್ದು 2012ರ ಸೆಪ್ಟೆಂಬರ್‌ನಲ್ಲಿ. ನಮ್ಮ ಸಂಸ್ಥೆ ತರಿಸಿದ ವಿಮಾನ, ಅದರಿಂದ ನಮ್ಮ ಬಡ್ತಿಯ ದಾರಿ ತೆರೆಯಬೇಕು ಎಂದು ಗಿಲ್ಡ್‌ನವರು ಕಾದಿದ್ದರು. ಆಡಳಿತ ಎರಡೂ ಕಡೆಯಿಂದ ಸಮಸಮವಾಗಿ ಪೈಲಟ್‌ಗಳನ್ನು ತರಬೇತಿಗೆ ಕಳಿಸಲು ಹೊರಟಿತು. ಕಂಪನಿ ಒಂದೇ ಎಂದ ಮೇಲೆ ಆ ನಿರ್ಧಾರದಲ್ಲಿ ತಪ್ಪಿಲ್ಲ. ಪಟ್ಟಿ ಒಂದಾಗದೆ ಸೀಟನ್ನು ಹಂಚಲು ಹೋದದ್ದು ತಪ್ಪು. ಮುಂಬೈ ಕಡೆಯ ಕೋ-ಪೈಲಟ್‌ನ ಕಣ್ಣಿಗೆ ಅದು ತನ್ನ ಸರದಿಯಲ್ಲಿ ಬೇರೆಯವರನ್ನು ನುಗ್ಗಿಸಿದಂತೆ ಕಂಡಿತು.

ಧರ್ಮಾಧಿಕಾರಿ ಸಮಿತಿಯ ವರದಿ ಮುಷ್ಕರಕ್ಕೆ ಮೂರು ತಿಂಗಳು ಮೊದಲೇ, 2012ರ ಜನವರಿಯಲ್ಲಿ ಸರ್ಕಾರದ ಕೈ ಸೇರಿತ್ತು. ಸಮಾನ ದರ್ಜೆ, ಸಮಾನ ವೇತನ ಶ್ರೇಣಿ, ಹಿರಿತನ ಹೊಂದಿಸುವ ದಾರಿ ಎಲ್ಲವೂ ಅದರಲ್ಲಿತ್ತು. ಉತ್ಪಾದಕತೆಗೆ ಕೊಡುವ ಪ್ರೋತ್ಸಾಹಧನ ಕಾಲಕ್ರಮದಲ್ಲಿ ಸಂಬಳದ ಖಾಯಂ ಭಾಗವೇ ಆಗಿಹೋಗಿದ್ದನ್ನು ಕೈಬಿಡಬೇಕು ಎಂದೂ ಅದು ಹೇಳಿತು. ವರದಿ ಒಳ್ಳೆಯದೇ. ವಿಲೀನಕ್ಕೆ ಮುಂಚೆ ಬರಬೇಕಾದದ್ದು ಐದನೆಯ ವರ್ಷಕ್ಕೆ ಬಂತು. ಅಷ್ಟರಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ಹೊರಗಿನವರೆಂದು ಕಾಣುವುದನ್ನು ರೂಢಿ ಮಾಡಿಕೊಂಡಿದ್ದರು.

ಏರ್ ಇಂಡಿಯಾದ ಎಲ್ಲ ಕಷ್ಟವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ವಿಲೀನಕ್ಕೆ ಮುಂಚಿನ ವರ್ಷ ಎರಡೂ ಸೇರಿ ಸಾವಿರ ಕೋಟಿ ರೂಪಾಯಿಯೊಳಗಿದ್ದ ನಷ್ಟ 2008-09ರಲ್ಲಿ ಐದೂವರೆ ಸಾವಿರ ಕೋಟಿ ದಾಟಿತು. ಅದರ ಹಿಂದೆ ಆ ವರ್ಷ ಆಕಾಶಕ್ಕೇರಿದ ಇಂಧನದ ಬೆಲೆ ಇತ್ತು, ನೂರಕ್ಕೂ ಹೆಚ್ಚು ವಿಮಾನಗಳಿಗಾಗಿ ಮಾಡಿದ ಸಾಲ ಇತ್ತು, ಅಗ್ಗದ ಖಾಸಗಿ ವಿಮಾನಗಳ ಪೈಪೋಟಿ ಇತ್ತು. ಮಹಾಲೇಖಪಾಲರ 2011ರ ವರದಿಯೂ ವಿಲೀನ ನಡೆಸಿದ ರೀತಿಯನ್ನೂ ವಿಮಾನ ಖರೀದಿಯನ್ನೂ ಕಟುವಾಗಿ ಟೀಕಿಸಿತು. ನಷ್ಟದ ನಡುವೆ ಉಳಿಸಬಹುದಾಗಿದ್ದ ದಿನಗಳನ್ನು ಒಳಜಗಳ ತಿಂದುಹಾಕಿತು ಎನ್ನುವಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು.

ಇಂಥ ಬಿರುಕನ್ನು ಮೊದಲೇ ಗುರುತಿಸುವುದು ಕಷ್ಟವಲ್ಲ. ವಿಲೀನವಾಗಿ ಎರಡು ವರ್ಷವಾದರೂ ನೌಕರರ ಸಂಘಗಳು ಹಳೆಯ ಗೆರೆಯ ಮೇಲೇ ನಿಂತಿದ್ದರೆ, ಅರ್ಜಿಗಳು ಮೇಲಧಿಕಾರಿಯನ್ನು ದಾಟಿ ನೇರ ನ್ಯಾಯಾಲಯಕ್ಕೆ ಹೋಗುತ್ತಿದ್ದರೆ, ಬಡ್ತಿಯ ಆದೇಶಗಳು ಎರಡು ಕಚೇರಿಗಳಿಂದ ಹೊರಡುತ್ತಿದ್ದರೆ, ಎಚ್‌ಆರ್ ವಿಭಾಗ ಕಾರ್ಯಾಗಾರ, ಒಟ್ಟುಗೂಡುವ ಹಬ್ಬಗಳನ್ನು ಬದಿಗಿಟ್ಟು ಪಟ್ಟಿಯನ್ನು ಕೈಗೆತ್ತಿಕೊಳ್ಳಬೇಕು. ಸೇರುವ ದಿನಕ್ಕೆ ಮುಂಚೆ ಸೂತ್ರವನ್ನು ಬರೆದು, ಎರಡೂ ಸಂಘಗಳ ಮುಂದಿಟ್ಟು, ಕಳೆದುಕೊಳ್ಳುವವರಿಗೆ ಏನು ಕೊಡುತ್ತೇವೆ ಎಂದು ಹೆಸರು ಹೇಳಿ ತೀರ್ಮಾನಿಸಬೇಕು. ನಿಷ್ಪಕ್ಷಪಾತಿಯಾದ ಮಧ್ಯಸ್ಥರು ಬೇಕಾಗುವುದು ಆಗಲೇ, ಮುಷ್ಕರವಾದ ಮೇಲಲ್ಲ.

2022ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಸಮೂಹದ ಕೈಗೆ ಬಂತು. ಸಮೂಹದ ಬಳಿ ಆಗಲೇ ವಿಸ್ತಾರ ಮತ್ತು ಬೆಂಗಳೂರಿನಲ್ಲಿ ನೆಲೆಯಿದ್ದ ಏರ್ ಏಷ್ಯಾ ಇಂಡಿಯಾ ಇದ್ದವು. ಹಾಗಾಗಿ ಮತ್ತೆ ವಿಲೀನ, ಮತ್ತೆ ಅದೇ ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ವಿಸ್ತಾರದ ಪೈಲಟ್‌ಗಳು ಹೊಸ ಒಪ್ಪಂದದಲ್ಲಿ ಖಾತರಿ ಗಂಟೆಗಳು 70ರಿಂದ 40ಕ್ಕೆ ಇಳಿದದ್ದಕ್ಕೆ ಬೇಸತ್ತು ರಜೆ ಹಾಕಿದರು, ವಿಮಾನಗಳು ರದ್ದಾದವು. ಮುಂದಿನ ತಿಂಗಳು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ನೌಕರರನ್ನು ಸಮಾನವಾಗಿ ಕಾಣುತ್ತಿಲ್ಲ ಎಂದು ದೂರಿ ಒಟ್ಟಿಗೆ ಕಾಯಿಲೆ ರಜೆ ಹಾಕಿದರು. ಆಡಳಿತ 25 ಜನರನ್ನು ವಜಾ ಮಾಡಿತು. ಆದರೆ ಈ ಸಲ ದೆಹಲಿಯ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಎರಡೂ ಕಡೆಯವರು ಕೂತು ಮಾತಾಡಿದರು. ವಜಾ ಆದವರನ್ನು ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಳ್ಳಲು ಕಂಪನಿ ಒಪ್ಪಿತು, ಸಿಬ್ಬಂದಿ ಕೆಲಸಕ್ಕೆ ಮರಳಿದರು. ಅದೇ ವರ್ಷದ ಅಕ್ಟೋಬರ್ 1ರಂದು ಏರ್ ಏಷ್ಯಾ ಇಂಡಿಯಾದ ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿತು, ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿತು.